ತಲೆಯಿಂದ ಬಾಲಕ್ಕೆ ಎಷ್ಟು ಮೆಟ್ಟಿಲು?

1877ರ ಕ್ರಿಸ್‌ಮಸ್. ಇಬ್ಬರು ಹುಡುಗಿಯರು ಮಾಡಲು ಏನೂ ಇಲ್ಲದೆ ಬೇಸರದಲ್ಲಿದ್ದರು. ಅವರಿಗಾಗಿ ಲೂಯಿಸ್ ಕ್ಯಾರಲ್ ಒಂದು ಪದದಾಟ ಕಟ್ಟಿದ. ಎರಡು ಪದ ಕೊಡುವುದು, ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವುದು. ನಡುವೆ ಸಿಗುವುದೆಲ್ಲ ನಿಜವಾದ ಪದವೇ ಆಗಿರಬೇಕು. 1879ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆ ಇದನ್ನು 'ಡಬ್ಲೆಟ್ಸ್' ಹೆಸರಲ್ಲಿ ಸ್ಪರ್ಧೆಯಾಗಿ ನಡೆಸಿತು.

ಕ್ಯಾರಲ್ ಕೊಟ್ಟ ಮಾದರಿ, ತಲೆಯಿಂದ ಬಾಲಕ್ಕೆ:

```
HEAD HEAL TEAL TELL TALL TAIL
```

ನಾಲ್ಕೂ ಅಕ್ಷರ ಬೇರೆ. ಹಾಗಾಗಿ ನಾಲ್ಕು ಹೆಜ್ಜೆಯಾದರೂ ಬೇಕೇ ಬೇಕು. ಇಲ್ಲಿ ಐದಾಗಿದೆ. ಎಡವಟ್ಟು ಮೂರನೇ ಅಕ್ಷರದಲ್ಲಿದೆ. ನಡುವಿನ ಎರಡೂ ಸ್ವರ ಬದಲಾಗಬೇಕು, ಆದರೆ ಯಾವುದನ್ನು ಮೊದಲು ಮುಟ್ಟಿದರೂ ರೂಢಿಯ ಪದ ಸಿಗುವುದಿಲ್ಲ. ಅದಕ್ಕೇ ಮೂರನೇ ಜಾಗದಲ್ಲಿ ಸ್ವಲ್ಪ ಹೊತ್ತು 'ಎಲ್' ಕೂರಿಸಿ, ಎರಡನೆಯ ಸ್ವರ ಬದಲಿಸಿ, ಆಮೇಲೆ 'ಎಲ್' ತೆಗೆದು 'ಐ' ಇಡಬೇಕು. ಸಿಕ್ಕಿಕೊಂಡಾಗ ಮಾಡುವುದು ಇದನ್ನೇ: ಒಂದು ಸ್ವರದ ಜಾಗಕ್ಕೆ ಸುಮ್ನೆ ಒಂದು ವ್ಯಂಜನ ತಂದು ನೋಡುವುದು.

ಆದರೆ ನಾಲ್ಕರಲ್ಲೂ ಮುಗಿಸಬಹುದು.

```
HEAD HEAL TEAL TEIL TAIL
```

ಆ ನಾಲ್ಕನೇ ಪದ ಒಂದು ಮರದ ಹಳೆಯ ಹೆಸರು. 1611ರ ಇಂಗ್ಲಿಷ್ ಬೈಬಲ್‌ನಲ್ಲಿದೆ, ಮಾತಿನಲ್ಲಿಲ್ಲ. ಒಪ್ಪಬೇಕಾ? ಈ ಆಟದ ಜಗಳವೆಲ್ಲ ಇಲ್ಲೇ. ಕ್ಯಾರಲ್ ರೂಢಿಯಲ್ಲಿರುವ ಪದ ಮಾತ್ರ ಸಾಕು ಎಂದ. ಕೊನೆಗೆ ಪುಸ್ತಕದಲ್ಲಿ ಒಪ್ಪುವ ಪದಗಳ ಪಟ್ಟಿಯನ್ನೇ ಸೇರಿಸಿದ. ನನಗೂ ಅದೇ ಸರಿ ಅನಿಸುತ್ತದೆ. ನಿಘಂಟಿನ ಮೂಲೆಯಿಂದ ಎಳೆದು ತಂದ ಪದದಿಂದ ಗೆದ್ದರೆ ಏನು ಮಜಾ?

ಪಟ್ಟಿ ಗಟ್ಟಿಯಾದ ಮೇಲೆ ಎಣಿಕೆಯೂ ಸಾಧ್ಯವಾಯಿತು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಐದಕ್ಷರದ 5,757 ಇಂಗ್ಲಿಷ್ ಪದ ಆರಿಸಿಕೊಂಡರು. ಅದರಲ್ಲಿ 671 ಪದಗಳಿಗೆ ಒಂದಕ್ಷರ ಬದಲಿಸಿದರೆ ಸಿಗುವ ಜೊತೆಗಾರನೇ ಇಲ್ಲ. ಅಂಥ ಪದ ಕೊಟ್ಟರೆ ಎಷ್ಟು ತಲೆ ಕೆರೆದುಕೊಂಡರೂ ಏಣಿ ಏಳುವುದಿಲ್ಲ.

ಕನ್ನಡದಲ್ಲಿ ತೊಂದರೆ ಉಲ್ಟಾ. 'ಮಳೆ'ಯಿಂದ 'ಕಾಡು' ಮಾಡಿ ನೋಡಿ. ಮಳೆ, ಮಡು, ಕಾಡು. ಎರಡೇ ಹೆಜ್ಜೆ! ನಮ್ಮ ಅಕ್ಷರದಲ್ಲಿ ವ್ಯಂಜನ, ಸ್ವರ ಎರಡೂ ಅಂಟಿಕೊಂಡಿರುತ್ತವೆ ಅಲ್ವಾ, 'ಳೆ' ಹೋಗಿ 'ಡು' ಬಂದರೆ ಎರಡು ಬದಲಾವಣೆ ಒಟ್ಟಿಗೇ ಆದ ಹಾಗೆ. ನಾನು ನಿಯಮ ಬಿಗಿ ಮಾಡಿಕೊಂಡು ಆಡುತ್ತೇನೆ: ಒಂದು ಸಲಕ್ಕೆ ವ್ಯಂಜನ ಬದಲಿಸಬೇಕು, ಇಲ್ಲವೇ ಸ್ವರ. ಆಗ ಏಣಿ ಹೀಗಾಗುತ್ತದೆ: ಮಳೆ, ಕಳೆ, ಕಡೆ, ಕಡು, ಕಾಡು. ಬದಲಾಗಬೇಕಾದ ಧ್ವನಿ ನಾಲ್ಕು, ಹೆಜ್ಜೆಯೂ ನಾಲ್ಕೇ.