ನಾನು ಹಾಕಿದ ಪ್ಯಾಚ್ ಎರಡೇ ದಿನಕ್ಕೆ ಯಾಕೆ ಏಳುತ್ತದೆ?

ಶಿರಸಿಯಲ್ಲಿ ಮಳೆಗಾಲ ಶುರುವಾದರೆ ಈ ಪ್ರಶ್ನೆಯೂ ಶುರು. "ಸೈಕಲ್ ಪಂಕ್ಚರ್ ಆದಾಗ ಅಂಗಡಿಯವರು ಟ್ಯೂಬಿಗೆ ಹಾಕಿದ ಪ್ಯಾಚ್ ವರ್ಷಗಟ್ಟಲೆ ನಿಲ್ಲುತ್ತದೆ. ಅದೇ ಸೊಲ್ಯೂಷನ್, ಅದೇ ಪ್ಯಾಚ್ ತಂದು ಮನೆಯಲ್ಲಿ ಹಾಕಿದರೆ ಎರಡು ದಿನಕ್ಕೆ ಏಳುತ್ತದೆ. ಯಾಕೆ?" ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಕಳೆದ ಜುಲೈಯಲ್ಲಿ ಪಕ್ಕದ ಮನೆಯ ಹುಡುಗ ಸೈಕಲ್ ದೂಡಿಕೊಂಡು ಬಂದ. "ಮಾವ, ಮತ್ತೆ ಹೋತು" ಅಂದ. ಹಿಂದಿನ ಚಕ್ರ. ಬೆಳಿಗ್ಗೆ ಗಾಳಿ ಹಾಕಿದರೆ ಶಾಲೆ ಬಿಡುವಷ್ಟರಲ್ಲಿ ಚಪ್ಪಟೆ. ಅವನೇ ಮೂರು ಸಲ ಪ್ಯಾಚ್ ಹಾಕಿದ್ದ. ಮೂರನೆಯದನ್ನು ಉಗುರಿನಿಂದ ಎತ್ತಿದೆ. ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು, ಸೊಲ್ಯೂಷನ್ನಿನ ವಾಸನೆ ಇನ್ನೂ ಹೊಡೆಯುತ್ತಿತ್ತು. ಹಾಕಿ ಎರಡು ದಿನ ಆಗಿತ್ತು! ಏನಾಗಿದೆ ಅಂತ ಆಗಲೇ ಗೊತ್ತಾಯಿತು.

ಆದರೆ ಮೊದಲು ತೂತು. ಈ ತೂತಿನ ಜೊತೆ ಇನ್ನೊಂದೂ ಇದ್ದರೆ ಎಷ್ಟು ಚೆನ್ನಾಗಿ ಅಂಟಿಸಿದರೂ ದಂಡ. ಟ್ಯೂಬ್ ಹೊರಗೆ ತೆಗೆದು, ಅದರ ದಪ್ಪ ಸುಮಾರು ಎರಡರಷ್ಟು ಆಗುವ ಹಾಗೆ ಗಾಳಿ ಹಾಕಿದೆವು. ಅರೆಬರೆ ಗಾಳಿಯಲ್ಲಿ ಸಣ್ಣ ತೂತು ಬಾಯಿ ಬಿಡುವುದೇ ಇಲ್ಲ. ಬಕೆಟ್‌ನಲ್ಲಿ ತಿಳಿ ನೀರು ತುಂಬಿ, ಒಂದೊಂದು ಗೇಣಿನಷ್ಟು ಮುಳುಗಿಸುತ್ತಾ ಹೋಗಬೇಕು. ಮುಳುಗಿಸಿದ ತಕ್ಷಣ ಟ್ಯೂಬಿನ ಮೈಮೇಲೆ ತುಂಬ ಗುಳ್ಳೆ ಕೂತಿರುತ್ತದೆ. ಅದನ್ನು ನೋಡಿ "ಸಿಕ್ತು, ಸಿಕ್ತು" ಅನ್ನುವವರೇ ಜಾಸ್ತಿ. ಅದು ಟ್ಯೂಬಿಗೆ ಅಂಟಿಕೊಂಡು ಹೋದ ಹೊರಗಿನ ಗಾಳಿ. ನೀರಿನೊಳಗೇ ಕೈಯಿಂದ ಒರೆಸಿಬಿಡಿ. ಒರೆಸಿದ ಮೇಲೂ ಅದೇ ಜಾಗದಿಂದ ಒಂದರ ಹಿಂದೆ ಒಂದು ಗುಳ್ಳೆ ಬಂದರೆ ಅದು ತೂತು. ಸೂಜಿಮೊನೆಯಷ್ಟು ಸಣ್ಣದಾದರೆ ಸುಮ್ನೆ ಮುಳುಗಿಸಿದರೆ ಕಾಣುವುದಿಲ್ಲ. ಎರಡೂ ಕೈಯಲ್ಲಿ ಟ್ಯೂಬನ್ನು ಸ್ವಲ್ಪ ಎಳೆದು ಹಿಡಿದು, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಹುಡುಗನ ತೂತು ಹಾಗೆಯೇ ಇತ್ತು, ಮೂರ್ನಾಲ್ಕು ಸೆಕೆಂಡಿಗೆ ಒಂದು ಗುಳ್ಳೆ. ಒಂದು ಸಿಕ್ಕಿತು ಅಂತ ನಿಲ್ಲಿಸದೆ ಪೂರ್ತಿ ಸುತ್ತು ನೋಡಿ, ವಾಲಿನ ಬುಡವನ್ನೂ ಸೇರಿಸಿ.

ಗುರುತಿಗೆ ಬಾಲ್ ಪೆನ್ನಿನಿಂದ ಉದ್ದುದ್ದ ಗೆರೆಯ ಅಡ್ಡಗುರುತು ಹಾಕಿ, ತೂತು ನಡುವೆ ಬರುವ ಹಾಗೆ. ಚಿಕ್ಕ ಚುಕ್ಕೆ ಇಟ್ಟರೆ ಆಮೇಲೆ ಉಜ್ಜುವಾಗ ಅಳಿಸಿ ಹೋಗುತ್ತದೆ. ಆಮೇಲೆ ಟ್ಯೂಬನ್ನು ಟೈರಿನ ಮೇಲೆ, ವಾಲು ಮೊದಲಿದ್ದ ಜಾಗಕ್ಕೇ ಬರುವ ಹಾಗೆ ಇಟ್ಟು ನೋಡಿದೆವು. ತೂತು ವಾಲಿನಿಂದ ಎರಡು ಗೇಣು ದೂರ. ಟೈರಿನಲ್ಲಿ ಅದೇ ಜಾಗದ ಒಳಮೈಯನ್ನು ಬಟ್ಟೆಯಿಂದ ಸವರಿದೆ. ಬಟ್ಟೆ ತಡೆಯಿತು. ಬಿದಿರು ಮುಳ್ಳಿನ ತುದಿ, ಹೊರಗಿನಿಂದ ಕಾಣುವ ಹಾಗೇ ಇರಲಿಲ್ಲ. ಬರಿ ಬೆರಳು ಹಾಕಬೇಡಿ, ಚುಚ್ಚುತ್ತದೆ.

ಈಗ ಅಸಲು ವಿಷಯ. ತುಂಬ ಜನ ಹೇಳುವುದು ಹೀಗೆ: "ಸೊಲ್ಯೂಷನ್ ಹಸಿ ಇರುವಾಗಲೇ ಪ್ಯಾಚ್ ಅಂಟಿಸಬೇಕು, ಒಣಗಿದರೆ ಹಿಡಿಯುವುದಿಲ್ಲ." ಇದು ತಪ್ಪು. ಪೂರ್ತಿ ತಪ್ಪು. ಮನೆಯಲ್ಲಿ ಹಾಕಿದ ಪ್ಯಾಚ್ ಏಳುವುದಕ್ಕೆ ಬೇರೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ಇದು ಕಾಗದಕ್ಕೆ ಹಚ್ಚುವ ಗೋಂದಿನ ಲೆಕ್ಕ. ಗೋಂದಿನ ನೀರನ್ನು ಕಾಗದ ಹೀರಿಕೊಳ್ಳುತ್ತದೆ, ಹಾಗಾಗಿ ಹಸಿ ಅಂಟಿಸಿದರೂ ಒಣಗುತ್ತದೆ. ಸೈಕಲ್ ಸೊಲ್ಯೂಷನ್ ಎಂದರೆ ಪೆಟ್ರೋಲಿನಂಥ ಬೇಗ ಆರುವ ದ್ರವದಲ್ಲಿ ಕರಗಿಸಿದ ರಬ್ಬರ್. ಅಂಟಿಸುವುದು ರಬ್ಬರ್, ಆ ದ್ರವ ಅಲ್ಲ. ದ್ರವ ಆರಿಹೋಗಬೇಕು. ಹಸಿ ಇರುವಾಗ ಮೇಲೆ ಪ್ಯಾಚ್ ಮುಚ್ಚಿಬಿಟ್ಟರೆ ಅದು ಎಲ್ಲಿ ಹೋಗಬೇಕು? ಕೆಳಗೆ ಟ್ಯೂಬ್, ಮೇಲೆ ಪ್ಯಾಚ್, ಎರಡೂ ರಬ್ಬರ್. ನಡುವೆ ಸಿಕ್ಕಿಬಿದ್ದು ಮೇಣವಾಗಿಯೇ ಉಳಿಯುತ್ತದೆ. ಟ್ಯೂಬಿನ ಗಾಳಿ ಆ ಮೇಣದೊಳಗೆ ಸಣ್ಣ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ಹುಡುಗನ ಪ್ಯಾಚ್ ಎಳೆ ಎಳೆಯಾಗಿ ಎದ್ದದ್ದು ಅದಕ್ಕೇ. ಪೊಟ್ಟಣದಲ್ಲಿ ಬರುವ ಪ್ಯಾಚಿನ ತಳದ ಪದರವಂತೂ ಆರಿದ ಸೊಲ್ಯೂಷನ್ ಜೊತೆ ಸೇರಿ ರಬ್ಬರನ್ನು ಬೆಸೆಯುವ ಹಾಗೆಯೇ ಮಾಡಿದ್ದು.

"ಹಳೇ ಟ್ಯೂಬಿನ ತುಂಡು ಕತ್ತರಿಸಿ ಹಾಕುತ್ತೇವಲ್ಲ, ಅದಕ್ಕಾದರೂ ಹಸಿ ಬೇಕಲ್ಲ?" ಎಂದು ಕೇಳುತ್ತಾರೆ. ಅದಕ್ಕೂ ಬೇಡ. ಅಲ್ಲಿ ಎರಡೂ ಮೈ ಉಜ್ಜಿ, ಎರಡಕ್ಕೂ ಹಚ್ಚಿ, ಎರಡನ್ನೂ ಆರಿಸಬೇಕು. "ಅಂಗಡಿಯವರು ತಕ್ಷಣ ಅಂಟಿಸ್ತಾರಲ್ಲ?" ತಕ್ಷಣ ಅಲ್ಲ. ಮುಂದಿನ ಸಲ ನಿಂತು ನೋಡಿ. ತೆಳ್ಳಗೆ ಹಚ್ಚಿ ಟ್ಯೂಬನ್ನು ಹೆಗಲಿಗೋ ಕೊಕ್ಕೆಗೋ ಹಾಕಿಕೊಂಡು, ಇನ್ನೊಬ್ಬರ ಚಕ್ರ ಬಿಚ್ಚುತ್ತಿರುತ್ತಾರೆ. ಅವರ ಕೈಗೆ ಆ ಹೊತ್ತಿನ ಅಂದಾಜಿದೆ. ಕಡ್ಡಿ ಗೀರಿ ಬೆಂಕಿ ತಾಗಿಸುವುದನ್ನೂ ನೀವು ನೋಡಿರಬಹುದು. ಅದನ್ನು ಮನೆಯಲ್ಲಿ ಮಾಡಬೇಡಿ. ಮೇಲಿನ ಪದರ ಕೆನೆಗಟ್ಟುತ್ತದೆ, ಅಡಿ ಹಸಿಯೇ ಇರುತ್ತದೆ, ಕೈಯೂ ಸುಡಬಹುದು.

ಹಾಗಾದರೆ ಮಾಡುವುದು ಹೇಗೆ? ಗಾಳಿ ಪೂರ್ತಿ ಬಿಟ್ಟು, ತೂತಿನ ಸುತ್ತ ಪ್ಯಾಚಿಗಿಂತ ಅರ್ಧ ಇಂಚು ಹೆಚ್ಚು ಜಾಗವನ್ನು ಪಾಲಿಶ್ ಪೇಪರಿನಿಂದ ಉಜ್ಜಿ. ಹೊಳಪು ಹೋಗಿ ಮೈ ಮಂಕಾಗಬೇಕು. ಟ್ಯೂಬಿನ ಮೇಲೆ ಉದ್ದಕ್ಕೆ ಅಚ್ಚಿನ ಗೆರೆ ಇರುತ್ತದಲ್ಲ, ಅದು ಅಡಿಗೆ ಬಂದರೆ ಸಮ ಆಗುವ ತನಕ ಉಜ್ಜಿ. ಇಲ್ಲದಿದ್ದರೆ ಆ ಗೆರೆಯ ಪಕ್ಕದಲ್ಲೇ ಗಾಳಿಗೆ ಕಾಲುವೆ. ಧೂಳು ಒರೆಸಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಬೇಸಿಗೆಯಲ್ಲಿ ಐದು ನಿಮಿಷ ಸಾಕು, ಮಳೆಗಾಲದಲ್ಲಿ ಹತ್ತು ಬೇಕು. ಹೊಳಪು ಹೋಗಬೇಕು. ಅಂಚನ್ನು ಮುಟ್ಟಿದರೆ ಬೆರಳು ಸ್ವಲ್ಪ ಹಿಡಿಯಬೇಕು, ಆದರೆ ಬೆರಳಿಗೆ ಏನೂ ಅಂಟಬಾರದು. ನಡುವೆ ಮುಟ್ಟಬೇಡಿ, ಬಾಯಿಂದ ಊದಬೇಡಿ. ಉಸಿರಿನಲ್ಲಿ ನೀರಿದೆ.

ನಮ್ಮಲ್ಲಿ ಕಷ್ಟ ಇರುವುದೇ ಈ ನೀರಿನಲ್ಲಿ. ದ್ರವ ಆರುವಾಗ ಆ ಜಾಗ ತಣ್ಣಗಾಗುತ್ತದೆ. ಆಷಾಢದ ಗಾಳಿಯಲ್ಲಿ ಇರುವ ತೇವ ಅಲ್ಲಿ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಹುಡುಗ ಮಾಡಿದ್ದು ಹೊರಗಿನ ಜಗಲಿಯಲ್ಲಿ, ಇರಚಲು ಹೊಡೆಯುವ ಜಾಗದಲ್ಲಿ. ನಾವು ಟ್ಯೂಬನ್ನು ಒರೆಸಿ, ಬಚ್ಚಲ ಒಲೆ ಇರುವ ಕೋಣೆಯಲ್ಲಿ ಅರ್ಧ ಗಂಟೆ ನೇತುಹಾಕಿ ಬೆಚ್ಚಗೆ ಮಾಡಿಕೊಂಡೆವು. ಸೊಲ್ಯೂಷನ್ ಹಚ್ಚಿದ್ದು ನಡುಮನೆಯಲ್ಲಿ. ಒಲೆಯ ಹತ್ತಿರ ಸೊಲ್ಯೂಷನ್ ಮುಚ್ಚಳ ತೆಗೆಯಲೇಬಾರದು, ಭಗ್ ಅಂತ ಹತ್ತಿಕೊಳ್ಳುತ್ತದೆ.

ಪ್ಯಾಚ್ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಸ್ಪ್ಯಾನರಿನ ಹಿಡಿಯಿಂದ ಒತ್ತಿದೆವು. ಮೇಲಿನ ತೆಳ್ಳನೆ ಹಾಳೆ ತೆಗೆಯಲಿಲ್ಲ. ಅದನ್ನು ಕೀಳಲು ಹೋಗಿ ಪ್ಯಾಚಿನ ಅಂಚೇ ಎದ್ದುಬರುತ್ತದೆ. ಸ್ವಲ್ಪ ಪೌಡರ್ ಸವರಿ ಟೈರಿನೊಳಗೆ ಕೂರಿಸಿದ ಮೇಲೆಯೇ ಗಾಳಿ. ಹೊರಗೆ ಉಬ್ಬಿಸಿ ಪರೀಕ್ಷೆ ಮಾಡಿದರೆ ಹೊಸ ಪ್ಯಾಚ್ ಎಳೆದಂತಾಗುತ್ತದೆ. ಆ ಪ್ಯಾಚ್ ಇವತ್ತಿಗೂ ಇದೆ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದನ್ನೂ ಹೇಳಬೇಕು. ಎರಡು ಸುತ್ತು ನೀರಲ್ಲಿ ನೋಡಿದರೂ ಗುಳ್ಳೆ ಬರಲಿಲ್ಲ, ಆದರೂ ರಾತ್ರಿ ಬೆಳಗಾಗುವುದರೊಳಗೆ ಗಾಳಿ ಇಳಿಯುತ್ತದೆ ಅಂದರೆ ಟ್ಯೂಬನ್ನು ಬೈಯಬೇಡಿ. ಸಾದಾ ಸೈಕಲ್‌ಗಳ ವಾಲಿನೊಳಗೆ ಸಣ್ಣ ರಬ್ಬರ್ ಕೊಳವೆ ಇರುತ್ತದೆ, ವಾಲ್ ಟ್ಯೂಬ್. ಅದು ಹಳತಾಗಿ ಬಿರಿದರೆ ಗಾಳಿ ಅಲ್ಲಿಂದ ಹೋಗುತ್ತದೆ. ನೋಡಲು ಚಕ್ರ ಬಿಚ್ಚುವುದೂ ಬೇಡ. ವಾಲು ಮೇಲೆ ಬರುವ ಹಾಗೆ ಚಕ್ರ ತಿರುಗಿಸಿ. ಆಗ ಅದರ ಬಾಯಿ ಕೆಳಗೆ ಮುಖ ಮಾಡಿರುತ್ತದೆ. ಒಂದು ಲೋಟ ನೀರನ್ನು ಅದಕ್ಕೆ ಮುಳುಗುವಷ್ಟು ಎತ್ತಿ ಹಿಡಿಯಿರಿ. ಗುಳ್ಳೆ ಬಂದರೆ ಹೊಸ ವಾಲ್ ಟ್ಯೂಬ್ ತನ್ನಿ. ಹಾಕುವಾಗ ನೀರು ಮುಟ್ಟಿಸಿಕೊಂಡರೆ ಸಲೀಸಾಗಿ ಜಾರುತ್ತದೆ. ವಾಲಿನ ಪಕ್ಕದ ಸಣ್ಣ ತೂತು ಪೂರ್ತಿ ಮುಚ್ಚುವಷ್ಟು ಉದ್ದ ಇರಲಿ.