ಹಳಿ ಬೇರೆ, ಹಳ್ಳಿ ಬೇರೆ

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ಮಗಳು ಓದುವುದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಆದರೆ ‘ಅಜ್ಜಿ ಹಳಿಗೆ ಹೋಗೋಣ’ ಅನ್ನುತ್ತಾಳೆ. ತಿದ್ದಿದರೆ, ‘ಇಂಗ್ಲಿಷಲ್ಲಿ ಎರಡು ಅಕ್ಷರ ಇದ್ರೂ ಒಂದೇ ಸಲ ಹೇಳ್ತೀವಲ್ವಾ?’ ಅಂತಾಳೆ. ಏನು ಹೇಳಲಿ?

ಉತ್ತರ: ಇಂಗ್ಲಿಷಿನ ಬಗ್ಗೆ ಅವಳು ಹೇಳಿದ್ದು ಸರಿ. ಅಲ್ಲಿ ಒಂದೇ ‘ಎನ್’ ಬರೆದರೆ ಡೈನರ್, ಎರಡು ಬರೆದರೆ ಡಿನರ್. ಬದಲಾಗಿದ್ದು ಹಿಂದಿನ ಸ್ವರ ಮಾತ್ರ, ‘ನ’ ಎರಡರಲ್ಲೂ ಅಷ್ಟೇ ಚಿಕ್ಕದು. ನಾವು ಕನ್ನಡದಲ್ಲಿ ‘ಡಿನ್ನರ್’ ಅಂತ ಒತ್ತು ಕೊಟ್ಟು ಬರೆಯುವುದು ಸ್ಪೆಲ್ಲಿಂಗ್ ನೋಡಿ. ಇಂಗ್ಲಿಷಿನಲ್ಲಿ ವ್ಯಂಜನ ನಿಜವಾಗಿ ಉದ್ದವಾಗುವುದು ಹೆಚ್ಚಾಗಿ ಎರಡು ತುಣುಕು ಸೇರುವ ಕಡೆ, ಬುಕ್‌ಕೇಸ್ ಅನ್ನುವ ಹಾಗೆ.

ಕನ್ನಡದಲ್ಲಿ ಇದು ತಲೆಕೆಳಗು. ಸ್ವರ ಹಾಗೇ ಇರುತ್ತದೆ, ವ್ಯಂಜನವೇ ಉದ್ದವಾಗುತ್ತದೆ, ಅರ್ಥವೂ ಬದಲಾಗುತ್ತದೆ. ಲೋಕಲ್ ಟ್ರೇನ್ ಓಡುವುದು ಹಳಿ ಮೇಲೆ, ಅಜ್ಜಿ ಇರುವುದು ಹಳ್ಳಿಯಲ್ಲಿ. ಎರಡರಲ್ಲೂ ‘ಹ’ ಹ್ರಸ್ವವೇ. ‘ಹಳಿ’ ಅನ್ನುವಾಗ ನಾಲಿಗೆ ಮೇಲಕ್ಕೆ ಮಡಚಿ ತಟ್ಟನೆ ಇಳಿಯುತ್ತದೆ. ‘ಹಳ್ಳಿ’ ಅನ್ನುವಾಗ ಅದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಆಮೇಲೆ ಬಿಡುತ್ತದೆ. ಬಿಡಿಸಿ ಹೇಳಿದರೆ ಒಂದು ಹ–ಳಿ, ಇನ್ನೊಂದು ಹಳ್–ಳಿ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಅಂತ ಎಣಿಸುವುದೂ ಇದಕ್ಕೇ: ಹಳಿಗೆ ಎರಡು ಮಾತ್ರೆ, ಹಳ್ಳಿಗೆ ಮೂರು.

‘ಕತೆ’ ಮತ್ತು ‘ಕತ್ತೆ’ಯಲ್ಲಿ ಇನ್ನೊಂದು ವಿಷಯ ಇದೆ. ‘ಳ’ವನ್ನು ಎಳೆಯುವಾಗ ದನಿ ಕೇಳಿಸುತ್ತಲೇ ಇರುತ್ತದೆ. ‘ತ’ವನ್ನು ಎಳೆಯುವಾಗ ಏನೂ ಕೇಳಿಸುವುದಿಲ್ಲ. ನಾಲಿಗೆ ಹಲ್ಲಿಗೆ ಒತ್ತಿಕೊಂಡು ಉಸಿರನ್ನು ತಡೆದಿರುತ್ತದೆ. ಆ ಕ್ಷಣದ ಮೌನವೇ ಕತೆಯನ್ನು ಕತ್ತೆ ಮಾಡುತ್ತದೆ. ಮಕ್ಕಳು ತಪ್ಪುವುದು ಇಲ್ಲೇ ಜಾಸ್ತಿ. ‘ಉದ್ದವಾಗಿ ಹೇಳು’ ಅಂದರೆ ಸ್ವರ ಎಳೆದು ‘ಕಾತೆ’ ಅನ್ನುತ್ತಾರೆ, ‘ಒತ್ತಿ ಹೇಳು’ ಅಂದರೆ ಸುಮ್ನೆ ಜೋರಾಗಿ ಹೇಳುತ್ತಾರೆ. ‘ನಾಲಿಗೆ ಅಲ್ಲೇ ನಿಲ್ಲಿಸು’ ಅಂತ ಹೇಳಿ ನೋಡಿ.

ಮುಂಬಯಿ ಮಗುವಿಗೆ ಇದು ಹೊಸದೇನಲ್ಲ. ಮರಾಠಿಯಲ್ಲಿ ‘ಪಕ್ಕಾ’ ಅನ್ನುವಾಗ ಅವಳ ನಾಲಿಗೆ ಸರಿಯಾಗಿಯೇ ನಿಲ್ಲುತ್ತದೆ. ಮೊದಲು ಅದನ್ನು ಹೇಳಿಸಿ, ಅದೇ ತಡೆಯನ್ನು ‘ಕತ್ತೆ’ಗೆ ತನ್ನಿ. ಆಮೇಲೆ ಹಳಿ–ಹಳ್ಳಿ, ಮಗ–ಮಗ್ಗ, ಎಲೆ–ಎಲ್ಲೆ ಅಂತ ಜೋಡಿಗಳನ್ನು ಚೀಟಿಯಲ್ಲಿ ಬರೆದಿಡಿ. ಅವಳು ಒಂದು ಪದ ಹೇಳಲಿ, ನೀವು ಕೇಳಿಸಿದ ಚೀಟಿ ಎತ್ತಿ. ನೀವು ಬೇರೆ ಚೀಟಿ ಎತ್ತಿದರೆ ನಾಲಿಗೆ ಬೇಗ ಬಿಟ್ಟಿತೋ, ಬೇಡದ ಕಡೆ ನಿಂತಿತೋ ಅಂತ ಅವಳಿಗೇ ತಿಳಿಯುತ್ತದೆ.