ಓನರ್‌ಗೆ ರಿಪೇರಿ ಬಗ್ಗೆ ಮೇಲ್: ಮನಸ್ಸೂ ನೋಯಬಾರದು, ಕೆಲಸವೂ ಆಗಬೇಕು

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಬಾತ್‌ರೂಮಿಗೆ ಅಂಟಿಕೊಂಡಿರುವ ಬೆಡ್‌ರೂಮ್ ಗೋಡೆಯಲ್ಲಿ ನೀರು ಜಿನುಗುತ್ತಿದೆ. ಓನರ್ ಮೈಸೂರಿನಲ್ಲಿದ್ದಾರೆ. ಹಿರಿಯರು, ಒಳ್ಳೆಯವರು. ಎರಡು ಸಲ ಫೋನ್ ಮಾಡಿದೆ. "ನೋಡೋಣಮ್ಮ, ಮಾಡಿಸೋಣ" ಅಂದರು, ಅಷ್ಟೇ. ಖಾರವಾಗಿ ಒಂದು ಮೇಲ್ ಹಾಕು ಅಂತಾರೆ ನನ್ನ ಗಂಡ. ನನಗೆ ಸಂಬಂಧ ಕೆಡಿಸಿಕೊಳ್ಳಲು ಇಷ್ಟವಿಲ್ಲ. ಅಡ್ವಾನ್ಸ್ ಬೇರೆ ಅವರ ಹತ್ತಿರವೇ ಇದೆ. ಮೆತ್ತಗೆ ಬರೆದರೆ ಕೆಲಸ ಆಗುತ್ತಾ?

ಉತ್ತರ: ಆಗುತ್ತದೆ. ಆದರೆ ಮೇಲ್‌ನಲ್ಲಿ ಮೆತ್ತಗಿರಬೇಕಾದ ಜಾಗವೇ ಬೇರೆ, ಗಟ್ಟಿಯಾಗಿರಬೇಕಾದ ಜಾಗವೇ ಬೇರೆ. ಮನುಷ್ಯರ ಬಗ್ಗೆ ಮೆತ್ತಗೆ, ಗೋಡೆಯ ಬಗ್ಗೆ ಮತ್ತು ತಾರೀಖಿನ ಬಗ್ಗೆ ಗಟ್ಟಿಯಾಗಿ.

ನಿಮ್ಮ ಯಜಮಾನರು ಹೇಳುವ ಖಾರದ ಮೇಲ್ ಹೆಚ್ಚುಕಡಿಮೆ ಹೀಗಿರುತ್ತದೆ: "ಎಷ್ಟು ಸಲ ಹೇಳಬೇಕು ನಿಮಗೆ? ಬಾಡಿಗೆ ಮಾತ್ರ ಸರಿಯಾಗಿ ತಗೋತೀರಿ, ಮನೆ ಕಡೆ ತಿರುಗಿಯೂ ನೋಡಲ್ಲ." ನೀವು ಬರೆದರೆ ಬಹುಶಃ ಹೀಗಿರುತ್ತದೆ: "ತೊಂದರೆ ಕೊಡ್ತಿದ್ದೀನಿ ಅಂದ್ಕೋಬೇಡಿ ಅಂಕಲ್, ನಿಮಗೆ ಬಿಡುವಾದಾಗ, ಸಾಧ್ಯವಾದರೆ ಆ ಗೋಡೆ ಸ್ವಲ್ಪ ನೋಡಿಸಿ." ಒಂದು ಜಗಳ, ಇನ್ನೊಂದು ಸಂಕೋಚ. ಆದರೆ ಎರಡರಲ್ಲೂ ಇಲ್ಲದಿರುವುದು ಒಂದೇ. ಯಾವ ಗೋಡೆ, ಯಾವಾಗಿನಿಂದ, ಏನು ಮಾಡಿಸಬೇಕು, ಯಾವತ್ತಿನೊಳಗೆ? ಮೊದಲನೆಯದಕ್ಕೆ ಅವರು ಸಿಟ್ಟಾಗಿ ಸುಮ್ಮನಾಗುತ್ತಾರೆ. ಎರಡನೆಯದಕ್ಕೆ ನಿಜಕ್ಕೂ ಬಿಡುವಾಗಲಿ ಅಂತ ಕಾಯುತ್ತಾರೆ. ಎರಡನೆಯದರಲ್ಲಿ ಅವರ ತಪ್ಪೂ ಇಲ್ಲ, ನೀವೇ ಹಾಗೆ ಹೇಳಿದ್ದೀರಿ ಅಲ್ವಾ?

ಬರೆಯುವ ಮೊದಲು ಗೋಡೆಯನ್ನು ಸರಿಯಾಗಿ ನೋಡಿ. ಒದ್ದೆ ಎಲ್ಲಿಯವರೆಗೆ ಬಂದಿದೆಯೋ ಆ ಅಂಚಿನ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಹೇಗೂ ಆ ಗೋಡೆಗೆ ಮತ್ತೆ ಬಣ್ಣ ಹೊಡೆಯಲೇಬೇಕು. ಒಂದು ವಾರ ಬಿಟ್ಟು ಇನ್ನೊಂದು ಗೆರೆ. ಎರಡೂ ಗೆರೆ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆದರೆ ಸಾಕು. "ದಿನೇ ದಿನೇ ಜಾಸ್ತಿ ಆಗ್ತಿದೆ" ಅಂತ ಪುಟಗಟ್ಟಲೆ ಬರೆಯುವುದು ತಪ್ಪುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೂ ಸ್ವಲ್ಪ ಸುಳಿವು ಸಿಗುತ್ತದೆ. ಸಾಧ್ಯವಾದರೆ ಎರಡು ದಿನ ಆ ಬಾತ್‌ರೂಮಿನಲ್ಲಿ ಸ್ನಾನ ಮಾಡಬೇಡಿ, ನೆಲ ಒಣಗಿರಲಿ. ಒದ್ದೆ ಕಡಿಮೆಯಾಗುತ್ತಾ ಬಂದರೆ ಟೈಲ್ಸ್ ಸಂದು ಬಿಟ್ಟಿರಬೇಕು, ಇಲ್ಲವೇ ನೀರು ಹೋಗುವ ಟ್ರ್ಯಾಪ್‌ನ ಸುತ್ತ ಸೋರುತ್ತಿರಬೇಕು. ಬಳಸದಿದ್ದರೂ ಒದ್ದೆ ಹಾಗೇ ಇದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ. ಅದರಲ್ಲಿ ಯಾವಾಗಲೂ ನೀರು ತುಂಬಿರುತ್ತದೆ. ಮಳೆ ಬಂದಾಗ ಮಾತ್ರ ಕಂಡರೆ ಹೊರಗೋಡೆ ಅಥವಾ ಟೆರೇಸ್. ಎರಡೇ ದಿನಕ್ಕೆ ಗೋಡೆ ಪೂರ್ತಿ ಒಣಗುವುದಿಲ್ಲ, ಆದ್ದರಿಂದ ಇದು ಸುಳಿವು ಮಾತ್ರ. ಮೇಲ್‌ನಲ್ಲಿ ನೀವು ಕಂಡದ್ದನ್ನಷ್ಟೇ ಬರೆಯಿರಿ. ಕಾರಣ ಇದೇ ಅಂತ ಹಟ ಹಿಡಿದರೆ ಮಾತು ಗೋಡೆ ಬಿಟ್ಟು ವಾದಕ್ಕೆ ಹೋಗುತ್ತದೆ.

ಒದ್ದೆಯ ಹತ್ತಿರ ಸ್ವಿಚ್‌ಬೋರ್ಡ್ ಇದೆಯಾ ನೋಡಿ. ಇದ್ದರೆ ಆ ರೂಮಿನ ಎಂಸಿಬಿ ಇಳಿಸಿ, ಆ ಬೋರ್ಡ್ ಮುಟ್ಟಬೇಡಿ. ಇದನ್ನು ಮೇಲ್‌ನಲ್ಲೂ ಬರೆಯಿರಿ. ಬಣ್ಣ ಹೋಗಿದೆ ಅಂದರೆ ಕಾಯಬಹುದು ಅನ್ನಿಸುತ್ತದೆ, ಕರೆಂಟ್ ಹತ್ತಿರ ನೀರು ಬಂದಿದೆ ಅಂದರೆ ಯಾರಿಗೂ ಹಾಗನ್ನಿಸುವುದಿಲ್ಲ.

ಆಮೇಲೆ ಅಗ್ರಿಮೆಂಟ್ ತೆಗೆಯಿರಿ. ನಮ್ಮಲ್ಲಿ 11 ತಿಂಗಳ ಅಗ್ರಿಮೆಂಟ್‌ಗಳಲ್ಲಿ ಸಾಮಾನ್ಯವಾಗಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಅನ್ನುವ ಒಂದು ಸಾಲು ಇರುತ್ತದೆ. ಸಣ್ಣಪುಟ್ಟ ಅಂದರೆ ಎಷ್ಟು ಅಂತ ಬರೆದಿರುವುದಿಲ್ಲ. ಇಂಥ ಕಡೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ನೆರವಿಗೆ ಬರುತ್ತದೆ. ನಲ್ಲಿ, ವಾಷರ್, ಸ್ವಿಚ್, ಬೀಗ, ಗೀಸರ್ ರಿಪೇರಿ ಬಾಡಿಗೆದಾರರಿಗೆ. ಕಟ್ಟಡದ ರಿಪೇರಿ, ಪೈಪ್ ಬದಲಿಸುವುದು, ವೈರಿಂಗ್, ಗೋಡೆಗೆ ಸುಣ್ಣಬಣ್ಣ ಮಾಲೀಕರಿಗೆ. ಅದು ಬರೀ ಮಾದರಿ, ರಾಜ್ಯ ಒಪ್ಪಿ ತನ್ನದೇ ಕಾನೂನು ಮಾಡಿದರೆ ಮಾತ್ರ ಜಾರಿ. ಹಾಗಾಗಿ ಅದನ್ನು ತೋರಿಸಿ ಹೆದರಿಸಲು ಹೋಗಬೇಡಿ. ಯಾವುದು ಕೇಳಬಹುದು, ಯಾವುದನ್ನು ನಾವೇ ಮಾಡಿಸಿಕೊಳ್ಳಬೇಕು ಅಂತ ನಿಮಗೇ ಗೊತ್ತಾಗಲು ಅದು ಸಾಕು. ಗೋಡೆಯೊಳಗಿನ ಸೋರಿಕೆ ಯಾವ ಲೆಕ್ಕದಲ್ಲೂ ಸಣ್ಣಪುಟ್ಟದ್ದಲ್ಲ.

ಇನ್ನು ಮೇಲ್. ಫೋನಿನಲ್ಲಿ ಅಂಕಲ್ ಅನ್ನುತ್ತಿದ್ದರೆ ಇಲ್ಲೂ ಅಂಕಲ್ ಅಂತಲೇ ಶುರು ಮಾಡಿ. ಎರಡು ವರ್ಷ ಅಂಕಲ್ ಅಂದವರು ಇದ್ದಕ್ಕಿದ್ದಂತೆ "ಮಾನ್ಯರೇ" ಅಂದರೆ, ವಕೀಲರ ನೋಟಿಸ್ ಬಂತು ಅಂತಲೇ ಅವರು ಓದುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

> ವಿಷಯ: ಬೆಡ್‌ರೂಮ್ ಗೋಡೆಯಲ್ಲಿ ನೀರು ಸೋರಿಕೆ – ಜೂನ್ 14ರೊಳಗೆ ರಿಪೇರಿ ಆಗಬೇಕು
>
> ನಮಸ್ಕಾರ ಅಂಕಲ್,
>
> ನೀವು, ಆಂಟಿ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಬೆಡ್‌ರೂಮ್ ಗೋಡೆಯ ವಿಷಯ ಮೇ 12 ಮತ್ತು ಮೇ 30ರಂದು ಫೋನಿನಲ್ಲಿ ಹೇಳಿದ್ದೆ. ಮಾಡಿಸೋಣ ಅಂದಿದ್ದಿರಿ. ಈಗ ಜಾಸ್ತಿಯಾಗಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.
>
> ಬಾತ್‌ರೂಮಿಗೆ ಸೇರಿದ ಗೋಡೆಯಲ್ಲಿ ನೆಲದಿಂದ ಸುಮಾರು ಮೂರು ಅಡಿ ಎತ್ತರದವರೆಗೆ ಒದ್ದೆಯಾಗಿದೆ. ಬಣ್ಣ ಎದ್ದು ಉದುರುತ್ತಿದೆ, ಬಿಳಿ ಪುಡಿ ಬರುತ್ತಿದೆ. ಮೇ 29ರಿಂದ ಜೂನ್ 5ರೊಳಗೆ ಇನ್ನೂ ನಾಲ್ಕು ಇಂಚು ಮೇಲೇರಿದೆ, ಫೋಟೋದಲ್ಲಿ ಗೆರೆ ಕಾಣುತ್ತದೆ. ಸ್ವಿಚ್‌ಬೋರ್ಡಿಗೂ ಒದ್ದೆಗೂ ಈಗ ಒಂದು ಅಡಿಯಷ್ಟೇ ಅಂತರ. ಅದಕ್ಕೇ ಆ ರೂಮಿನ ಕರೆಂಟ್ ತೆಗೆದಿದ್ದೇವೆ, ಮಗು ಅಲ್ಲಿ ಮಲಗುತ್ತಿಲ್ಲ.
>
> ಬಾತ್‌ರೂಮ್ ಎರಡು ದಿನ ಬಳಸದೆ ನೋಡಿದೆವು, ಒದ್ದೆ ಕಡಿಮೆಯಾಗಲಿಲ್ಲ. ಕಾರಣ ಏನು ಅಂತ ಪ್ಲಂಬರ್ ನೋಡಿಯೇ ಹೇಳಬೇಕು.
>
> ದಯವಿಟ್ಟು ಜೂನ್ 14, ಶನಿವಾರದೊಳಗೆ ಪ್ಲಂಬರ್ ಕಳಿಸಿ ಸೋರಿಕೆ ನಿಲ್ಲಿಸಿಕೊಡಿ. ಪ್ಲಾಸ್ಟರ್, ಬಣ್ಣ ಗೋಡೆ ಒಣಗಿದ ಮೇಲೆ ಆದರೂ ಆಗಬಹುದು. ಕೆಲಸದವರು ಯಾವ ದಿನ ಬಂದರೂ ಮನೆಯಲ್ಲಿ ಒಬ್ಬರು ಇರುತ್ತೇವೆ.
>
> ಅಲ್ಲಿಂದ ಓಡಾಡುವುದು ನಿಮಗೆ ಕಷ್ಟವಾದರೆ ಇಲ್ಲಿಯ ಪ್ಲಂಬರ್ ಕರೆಸಿ ಎಸ್ಟಿಮೇಟ್ ಕಳಿಸುತ್ತೇನೆ. ನೀವು ಒಪ್ಪಿದರೆ ನಾವೇ ಮಾಡಿಸಿ, ಬಿಲ್ ಕೊಟ್ಟು, ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇವೆ. ಯಾವುದು ಅನುಕೂಲ ಅಂತ ಜೂನ್ 10ರೊಳಗೆ ತಿಳಿಸಿ.
>
> ವಂದನೆಗಳು.

ಇದರಲ್ಲಿ "ನೀವು ಮಾಡಿಸಲಿಲ್ಲ" ಅನ್ನುವ ಮಾತು ಎಲ್ಲೂ ಇಲ್ಲ. ಗೋಡೆ ಒದ್ದೆಯಾಗಿದೆ, ಬಣ್ಣ ಉದುರುತ್ತಿದೆ, ಎರಡು ಸಲ ಹೇಳಿದ್ದೆ. ಇಷ್ಟು ಓದಿದ ಮೇಲೆ ಯಾರ ಕಡೆಯಿಂದ ತಡವಾಗಿದೆ ಅಂತ ಅವರಿಗೇ ಗೊತ್ತಾಗುತ್ತದೆ. ನಾವು ಬಾಯಿ ಬಿಟ್ಟು ಹೇಳಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. "ದಯವಿಟ್ಟು" ಇದೆ, ಆದರೆ ಅದರ ಪಕ್ಕದಲ್ಲೇ ತಾರೀಖೂ ಇದೆ. "ಸಾಧ್ಯವಾದರೆ" ಮಾತ್ರ ಬೇಡವೇ ಬೇಡ. ಬಣ್ಣದ ವಿಷಯದಲ್ಲಿ ಸಡಿಲ ಬಿಟ್ಟದ್ದೂ ಬೇಕೆಂದೇ. ಒದ್ದೆ ಗೋಡೆಗೆ ಬಣ್ಣ ಹೊಡೆದರೆ ಮತ್ತೆ ಎದ್ದು ಬರುತ್ತದೆ. ಅವಸರಪಡಿಸಿದರೆ ಬರೀ ಬಣ್ಣ ಹೊಡೆಸಿ ಕೈ ತೊಳೆದುಕೊಳ್ಳುವವರೂ ಇದ್ದಾರೆ.

ನನ್ನ ಪ್ರಕಾರ ಇಡೀ ಮೇಲ್‌ನಲ್ಲಿ ಗಟ್ಟಿಯಾದ ಮಾತು ಕೊನೆಯಲ್ಲಿರುವುದು, ನಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇವೆ ಅನ್ನುವುದು. ನೋಡಲು ಸಹಾಯದ ಮಾತು, ಅದು ನಿಜವಾಗಿಯೂ ಸಹಾಯವೇ. ಆದರೆ ಅದರ ಹಿಂದೆ ಕಾನೂನೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಅಗ್ರಿಮೆಂಟ್‌ನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ. "ಮಾಡಿಸಲೇಬೇಕಾದ" ರಿಪೇರಿ ಯಾವುದು ಅನ್ನುವುದೂ ಮುಖ್ಯವಾಗಿ ಅಗ್ರಿಮೆಂಟ್‌ನಿಂದಲೇ ತೀರ್ಮಾನ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇಲ್ವಾ ಅಂತ ಕೇಳಬಹುದು. ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಬೆಂಗಳೂರಿನಲ್ಲಿ ಈಗ ಮನೆ ಎಲ್ಲಿ ಸಿಗುತ್ತದೆ?

ಈ ಸೆಕ್ಷನ್ ನಂಬರನ್ನು ಮೊದಲ ಮೇಲ್‌ನಲ್ಲಿ ಹಾಕಬೇಡಿ. ಅದು ಕಂಡ ಕೂಡಲೇ ಅವರ ಮಗನೋ ಅಳಿಯನೋ ಮಧ್ಯೆ ಬರುತ್ತಾರೆ, ಆಮೇಲೆ ನೀವು ಅಂಕಲ್ ಜೊತೆ ಮಾತಾಡುವುದೇ ಕಷ್ಟ. ತಿಳಿಸಿದ ತಾರೀಖು ಮತ್ತು ಕೊಟ್ಟ ಸಮಯ ಬರಹದಲ್ಲಿದ್ದರೆ ಸದ್ಯಕ್ಕೆ ಅಷ್ಟೇ ಬೇಕಾದದ್ದು.

ಕಳಿಸಿದ ಮೇಲೆ ವಾಟ್ಸಾಪ್‌ನಲ್ಲಿ "ಅಂಕಲ್, ಗೋಡೆ ವಿಷಯ ಮೇಲ್ ಮಾಡಿದ್ದೇನೆ, ಫೋಟೋ ಇದೆ, ನೋಡಿ" ಅಂತ ಒಂದು ಸಾಲು ಹಾಕಿ. ಹಿರಿಯರು ಎಷ್ಟೋ ಜನ ಮೇಲ್ ತೆರೆಯುವುದೇ ಅಪರೂಪ. ಅವರು ಫೋನ್ ಮಾಡಿ "ಆಯ್ತಮ್ಮ, ಮುಂದಿನ ವಾರ ಕಳಿಸ್ತೀನಿ" ಅಂದರೆ ಸಂತೋಷ. ಆದರೆ ಫೋನ್ ಇಟ್ಟ ಮೇಲೆ ಅದೇ ಮೇಲ್‌ಗೆ ಉತ್ತರವಾಗಿ ಹೀಗೆ ಬರೆದುಬಿಡಿ: "ಈಗ ಫೋನಿನಲ್ಲಿ ಮಾತಾಡಿದ ಹಾಗೆ ಪ್ಲಂಬರ್ ಮುಂದಿನ ವಾರ ಬರುತ್ತಾರೆ, ಥ್ಯಾಂಕ್ಸ್ ಅಂಕಲ್." ಬಾಯಿಮಾತು ಮರೆತುಹೋಗದಿರಲು ಇದಕ್ಕಿಂತ ಸೌಮ್ಯವಾದ ದಾರಿ ನನಗೆ ಗೊತ್ತಿಲ್ಲ.

ಹತ್ತನೇ ತಾರೀಖು ಕಳೆದರೂ ಉತ್ತರ ಬರದಿದ್ದರೆ ಹನ್ನೊಂದಕ್ಕೇ ಎರಡನೇ ಮೇಲ್ ಹೋಗಬೇಕು. ತಡ ಮಾಡಿದರೆ ನೀವು ಕೊಟ್ಟ ತಾರೀಖನ್ನು ನೀವೇ ನಂಬುವುದಿಲ್ಲ ಅಂತಾಯಿತು. ಇದು ಚಿಕ್ಕದಿರಲಿ: "ಅಂಕಲ್, ಉತ್ತರ ಬರಲಿಲ್ಲ. ಶನಿವಾರದೊಳಗೆ ಕೆಲಸ ಶುರುವಾಗದಿದ್ದರೆ ಸೋಮವಾರ ಇಲ್ಲಿಯ ಪ್ಲಂಬರ್ ಕರೆಸಿ ಎಸ್ಟಿಮೇಟ್ ಕಳಿಸುತ್ತೇನೆ." ಆಗಲೂ ಉತ್ತರ ಬರದಿದ್ದರೆ, ದುಡ್ಡು ಹಾಕುವ ಮೊದಲು ಅಗ್ರಿಮೆಂಟನ್ನು ಒಬ್ಬ ವಕೀಲರಿಗೆ ತೋರಿಸಿ. ಸಿಟ್ಟಿನಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಅಲ್ಲಿಯವರೆಗೆ ತಪ್ಪು ಅವರ ಕಡೆ ಇರುತ್ತದೆ, ಬಾಡಿಗೆ ನಿಂತ ದಿನದಿಂದ ನಿಮ್ಮ ಕಡೆಯೂ ಒಂದು ತಪ್ಪು ಸಿಕ್ಕಂತಾಗುತ್ತದೆ.

ಅಡ್ವಾನ್ಸ್ ಬಗ್ಗೆ ಭಯ ಅಂದಿರಿ. ಮೇಲ್ ಬರೆದರೆ ಅಡ್ವಾನ್ಸ್‌ಗೆ ತೊಂದರೆ ಅಂತ ನೀವು ಅಂದುಕೊಂಡಿದ್ದೀರಿ, ನಿಜಕ್ಕೂ ಅದು ತಿರುಗಾಮುರುಗಾ. ಮನೆ ಬಿಡುವಾಗ "ಗೋಡೆ ಹಾಳು ಮಾಡಿದ್ದೀರಿ" ಅಂತ ಪೇಂಟಿಂಗ್ ಜೊತೆ ಪ್ಲಾಸ್ಟರ್ ಖರ್ಚನ್ನೂ ಮುರಿದುಕೊಳ್ಳಲು ಬಂದರೆ, ತಾರೀಖಿನ ಸಮೇತ ತಿಳಿಸಿದ್ದೆವು ಅಂತ ತೋರಿಸಲು ಇರುವುದು ಇದೊಂದೇ. ಆದ್ದರಿಂದ ಕೆಲಸ ಮುಗಿದ ದಿನವೂ ಇನ್ನೊಂದು ಮೇಲ್ ಹಾಕಿ. ಸೋರಿಕೆ ಯಾವತ್ತು ನಿಂತಿತು, ಏನು ಬದಲಿಸಿದರು, ಬಣ್ಣ ಬಾಕಿ ಇದೆಯಾ ಅಂತ ಬರೆದು, ಗೋಡೆಯ ಫೋಟೋ ಸೇರಿಸಿ, ಆಂಟಿಯನ್ನೂ ಕೇಳಿದೆ ಅಂತ ಹೇಳಿ.